ನೀರು ಇಳಿಯುವಷ್ಟು ಹೊತ್ತಿನಲ್ಲಿ ಬೆಲೆ ಹೇಳುವುದು

ಪ್ರಶ್ನೆ: ಕರೆಂಟ್ ಬೇಡದ, ಮೇಲಿನ ಡಬ್ಬಿಯಿಂದ ಕೆಳಗಿನ ಡಬ್ಬಿಗೆ ನೀರು ತಾನಾಗಿ ಇಳಿಯುವ ಯುಎಫ್, ಅಂದರೆ ಅತಿ ಸಣ್ಣ ರಂಧ್ರಗಳಲ್ಲಿ ಸೋಸುವ ಅಲ್ಟ್ರಾಫಿಲ್ಟ್ರೇಷನ್ ಮೆಂಬ್ರೇನಿನ ಫಿಲ್ಟರ್ ಮಾಡಿದ್ದೇವೆ. ಗಂಟೆಗೆ 6 ಲೀಟರ್. ಎಂಆರ್‌ಪಿ 1,499 ರೂಪಾಯಿ, ಕಾರ್ಟ್ರಿಜ್ 399, ಅದು 4,000 ಲೀಟರ್ ಬರುತ್ತೆ. ಮುಂದಿನ ತಿಂಗಳು ಹುಬ್ಬಳ್ಳಿಯಲ್ಲಿ ಬಿಡುಗಡೆ. ಎದುರಿಗೆ ಡೀಲರ್‌ಗಳು, ಪತ್ರಕರ್ತರು, ಸ್ವಸಹಾಯ ಸಂಘದವರು ಇರ್ತಾರೆ. ವೇದಿಕೆ ಮೇಲೆ ನಾನೇ ತೋರಿಸಬೇಕು, ಬೆಲೆನೂ ನಾನೇ ಹೇಳಬೇಕು. ಸ್ಕ್ರಿಪ್ಟ್ ಹೇಗೆ ಬರೆಯಲಿ? ಕೆರೆ ನೀರು ಹಾಕಿ ಎಲ್ಲರೆದುರು ಕುಡಿದು ತೋರಿಸಲಾ?

ಉತ್ತರ: ಕೆರೆ ನೀರು ಕುಡಿಯಬೇಡಿ. ಯಾಕೆ ಅನ್ನುವುದು ಮುಂದೆ ಬರುತ್ತದೆ. ಸ್ಕ್ರಿಪ್ಟಿಗೆ ಕೂರುವ ಮುನ್ನ ನಿಮ್ಮದೇ ಒಂದು ಅಂಕಿಯನ್ನು ನೋಡಿ. ಗಂಟೆಗೆ 6 ಲೀಟರ್ ಅಂದರೆ ನಿಮಿಷಕ್ಕೆ 100 ಮಿಲಿಲೀಟರ್. 200 ಮಿಲಿಯ ಒಂದು ಲೋಟ ತುಂಬಲು ಎರಡು ನಿಮಿಷ ಬೇಕು. ವೇದಿಕೆಯ ಮೇಲೆ ಎರಡು ನಿಮಿಷದ ಮೌನ ಬಹಳ ಉದ್ದ. ಮೊದಲು ಭಾಷಣ, ಆಮೇಲೆ ಪ್ರಾತ್ಯಕ್ಷಿಕೆ ಎಂದು ಬರೆದುಕೊಂಡವರು ಇಲ್ಲೇ ಸಿಕ್ಕಿಬೀಳುತ್ತಾರೆ. ಮಣ್ಣುನೀರು ಸುರಿದಾಗುತ್ತದೆ, ಕೆಳಗೆ ತೊಟ್ಟು ತೊಟ್ಟಾಗಿ ಬೀಳುತ್ತಿರುತ್ತದೆ, ಹೇಳಲು ಮಾತು ಉಳಿದಿರುವುದಿಲ್ಲ, ಮುಂದಿನ ಸಾಲಿನವರು ಫೋನ್ ತೆಗೆಯುತ್ತಾರೆ.

ಆದ್ದರಿಂದ ಕ್ರಮವನ್ನು ತಿರುವುಮುರುವು ಮಾಡಿ. ವೇದಿಕೆಗೆ ಬಂದ ಮೊದಲ ನಿಮಿಷದಲ್ಲೇ ನೀರು ಸುರಿಯಿರಿ. ಅದು ತನ್ನ ಪಾಡಿಗೆ ಇಳಿಯುತ್ತಿರಲಿ, ಮಾತು ಅದರ ಜೊತೆಗೆ ಸಾಗಲಿ. ಏಳನೇ ನಿಮಿಷದ ಹೊತ್ತಿಗೆ ಕಡಿಮೆಯೆಂದರೂ 600 ಮಿಲಿ, ಅಂದರೆ ಮೂರು ಲೋಟ ನೀರು ಸಿದ್ಧವಾಗಿರುತ್ತದೆ. ನಿಮಗೆ ಅಷ್ಟು ಸಾಕು. ಒಟ್ಟು 12 ನಿಮಿಷಕ್ಕೆ ಮುಗಿಸಿ. ನಿಧಾನವಾಗಿ ಹೇಳಿದರೆ ನಿಮಿಷಕ್ಕೆ ನೂರು ಪದ ಹೋಗುತ್ತದೆ. ಕೈಕೆಲಸದ ಹೊತ್ತು ಕಳೆದರೆ ಬರೆದುಕೊಳ್ಳಬೇಕಾದ ಮಾತು 800 ಪದ ಮೀರಬಾರದು.

ಏನನ್ನು ತೋರಿಸಬಹುದು, ಏನನ್ನು ಆಗದು

ನಿಮ್ಮ ಫಿಲ್ಟರ್ ಮಾಡುವ ಮುಖ್ಯ ಕೆಲಸ ಬ್ಯಾಕ್ಟೀರಿಯಾ ತಡೆಯುವುದು. ಅದು ಕಣ್ಣಿಗೆ ಕಾಣುವುದಿಲ್ಲ. ಕಣ್ಣಿಗೆ ಕಾಣುವುದು ಮಣ್ಣು ಹೋಗಿ ನೀರು ತಿಳಿಯಾಗುವುದು. ನೀರು ತಿಳಿಯಾಯಿತು ಎಂದರೆ ರೋಗಾಣು ಹೋಯಿತು ಎಂದಲ್ಲ, ಅದನ್ನು ಅರಿತ ಒಬ್ಬರಾದರೂ ಸಭೆಯಲ್ಲಿ ಇದ್ದೇ ಇರುತ್ತಾರೆ. ಹಾಗಾಗಿ ಮಣ್ಣಿಗೆ ಒಂದು ಪುರಾವೆ, ಬ್ಯಾಕ್ಟೀರಿಯಾಕ್ಕೆ ಇನ್ನೊಂದು ಪುರಾವೆ ಇಡಿ. ಒಂದನ್ನು ತೋರಿಸಿ ಇನ್ನೊಂದನ್ನು ನಂಬಿಸಲು ಹೋಗಬೇಡಿ.

ಮಣ್ಣಿಗೆ: 10 ಲೀಟರ್ ನಲ್ಲಿ ನೀರಿಗೆ ಒಂದು ದೊಡ್ಡ ಚಮಚ ಕೆಮ್ಮಣ್ಣು. ಮಣ್ಣನ್ನು ಮೊದಲು ಹಿಟ್ಟಿನ ಜರಡಿಯಲ್ಲಿ ಜಾಲಿಸಿ, ಬಾಣಲೆಯಲ್ಲಿ ಅರ್ಧ ಗಂಟೆ ಹುರಿದು ಆರಿಸಿ. ನೀರಿಗೆ ಕಲಸಿ ಹದಿನೈದು ನಿಮಿಷ ಬಿಟ್ಟು, ತಳದ ಮರಳು ಬಿಟ್ಟು ಮೇಲಿನದನ್ನು ಬಸಿದುಕೊಳ್ಳಿ. ಹದ ಸರಿಯಿದೆಯೇ ಎಂದು ತಿಳಿಯಲು ಗಾಜಿನ ಲೋಟದ ಹಿಂದೆ ದಿನಪತ್ರಿಕೆ ಹಿಡಿಯಿರಿ, ತಲೆಬರಹ ಮಸುಕಾಗಿ ಕಂಡು ಸಣ್ಣ ಅಕ್ಷರ ಓದಲು ಬಾರದಿದ್ದರೆ ಸಾಕು. ಅದಕ್ಕಿಂತ ಗಟ್ಟಿ ಮಾಡಿದರೆ ನೋಡಲು ಚೆನ್ನ, ಆದರೆ ಐದು ನಿಮಿಷದಲ್ಲಿ ಮೆಂಬ್ರೇನ್ ಕಟ್ಟಿಕೊಂಡು ಧಾರೆ ಸಣ್ಣಗಾಗುತ್ತದೆ. ಹುಬ್ಬಳ್ಳಿಯಲ್ಲಿ ಸುತ್ತ ಎರೆ ಮಣ್ಣೇ ಇದೆ, ಅದನ್ನೇ ಹಾಕೋಣ ಎನಿಸುತ್ತದೆ. ಬೇಡ. ಎರೆಯ ಜೇಡಿ ಬಹಳ ನಯ, ನೀರುಂಡು ಉಬ್ಬುತ್ತದೆ, ಮೆಂಬ್ರೇನಿನ ಟೊಳ್ಳು ಎಳೆಗಳ ಮೇಲೆ ಅಂಟಿನಂತೆ ಕೂರುತ್ತದೆ. ಕ್ಯಾಮೆರಾಕ್ಕೂ ಕೆಂಪೇ ಚೆನ್ನಾಗಿ ಕಾಣುವುದು.

ಬ್ಯಾಕ್ಟೀರಿಯಾಕ್ಕೆ: H2S ಬಾಟಲಿ. ಒಳಗೆ ಒಣಗಿಸಿದ ಪೋಷಕ ದ್ರವ್ಯದ ಕಾಗದವಿರುವ ಚಿಕ್ಕ ಬಾಟಲಿ. ಗ್ವಾಲಿಯರ್‌ನ ರಕ್ಷಣಾ ಸಂಶೋಧನಾಲಯದ ವಿಜ್ಞಾನಿಗಳು 1982ರಲ್ಲಿ ಪ್ರಕಟಿಸಿದ ವಿಧಾನ ಇದು, ಈಗ ಗ್ರಾಮ ಪಂಚಾಯಿತಿಗಳಲ್ಲೂ ನೀರು ನೋಡಲು ಬಳಸುತ್ತಾರೆ. ಗುರುತಿನ ಗೆರೆಯವರೆಗೆ ನೀರು ತುಂಬಿ ಮುಚ್ಚಿಡಬೇಕು. ಮಲಮೂಲದ ಬ್ಯಾಕ್ಟೀರಿಯಾಗಳ ಜೊತೆ ಸಾಮಾನ್ಯವಾಗಿ ಇರುವ ಜೀವಾಣುಗಳು ಹೈಡ್ರೋಜನ್ ಸಲ್ಫೈಡ್ ಬಿಡುತ್ತವೆ, ಅದು ಬಾಟಲಿಯೊಳಗಿನ ಕಬ್ಬಿಣದ ಜೊತೆ ಸೇರಿ ನೀರು ಕಪ್ಪಾಗುತ್ತದೆ. ಇದಕ್ಕೆ 24ರಿಂದ 48 ಗಂಟೆ ಬೇಕು, ಹಾಗಾಗಿ ವೇದಿಕೆಯಲ್ಲಿ ಮಾಡಲಾಗದು. ಎರಡು ದಿನ ಮುಂಚೆ, ಸಭೆಗೆ ಬರುವವರಲ್ಲೇ ಇಬ್ಬರ ಎದುರು ತುಂಬಿಸಿ, ಅವರಿಂದಲೇ ಬಾಟಲಿಯ ಮೇಲೆ ಸಹಿ ಹಾಕಿಸಿ, ಪೆಟ್ಟಿಗೆಯಲ್ಲಿಟ್ಟು ಮೊಹರು ಮಾಡಿ. ಸ್ವಸಹಾಯ ಸಂಘದ ಒಬ್ಬರು, ಒಬ್ಬ ಪತ್ರಕರ್ತರು ಆದರೆ ಒಳ್ಳೆಯದು.

ಇದರಲ್ಲಿ ಹಾಳಾಗುವುದು ಹೀಗೆ. ಶೋಧಿಸದ ನೀರಿನ ಬಾಟಲಿಗೆ ಯಾರೋ ನಲ್ಲಿ ನೀರನ್ನೇ ತುಂಬಿಬಿಡುತ್ತಾರೆ. ಅದರಲ್ಲಿ ಕ್ಲೋರಿನ್ ಇರುತ್ತದೆ. ಎರಡು ದಿನ ಕಳೆದರೂ ಯಾವ ಬಾಟಲಿಯೂ ಕಪ್ಪಾಗುವುದಿಲ್ಲ, ಸಭೆಯಲ್ಲಿ ಪೆಟ್ಟಿಗೆ ತೆರೆದಾಗ ಎರಡೂ ಒಂದೇ ಬಣ್ಣ! ನಿಮ್ಮ ಫಿಲ್ಟರಿನ ಅಗತ್ಯವೇ ಇಲ್ಲ ಎಂದು ನೀವೇ ಸಾಬೀತು ಮಾಡಿದಂತೆ. ಉಣಕಲ್ ಕೆರೆಯ ನೀರನ್ನೋ ತೆರೆದ ಬಾವಿಯ ನೀರನ್ನೋ ತನ್ನಿ. ಅದನ್ನು ನೇರವಾಗಿ ಒಂದು ಬಾಟಲಿಗೆ, ನಿಮ್ಮ ಫಿಲ್ಟರಿನಿಂದ ಇಳಿಸಿ ಇನ್ನೊಂದಕ್ಕೆ, ಕುದಿಸಿ ಆರಿಸಿದ ನೀರನ್ನು ಮೂರನೆಯದಕ್ಕೆ ತುಂಬಿಸಿ. ಮೂರನೆಯದು ಬಾಟಲಿಗಳೇ ಕೆಟ್ಟಿಲ್ಲ ಎಂದು ತೋರಿಸಲು. ನಿಮ್ಮ ನೀರಿನ ಬಾಟಲಿಯೂ ಕಪ್ಪಾದರೆ ಎಲ್ಲಕ್ಕಿಂತ ಮೊದಲು ಫಿಲ್ಟರಿನ ನಲ್ಲಿಯ ಬಾಯಿಯನ್ನು, ತುಂಬಿಸಿದವರ ಕೈಯನ್ನು ಸಂಶಯಿಸಿ. ಶೋಧಿಸಿದ ನೀರು ಕೊಳೆ ನಲ್ಲಿಯ ಮೂಲಕ ಬಂದರೆ ಮತ್ತೆ ಕೆಡುತ್ತದೆ. ನಲ್ಲಿಯ ಬಾಯಿಯನ್ನು ಸ್ಪಿರಿಟ್ಟಿನಿಂದ ಒರೆಸಿ, ಒಂದು ಲೋಟ ನೀರು ಹರಿಯಬಿಟ್ಟು ಆಮೇಲೆ ತುಂಬಿ. ಬಾಟಲಿಗಳನ್ನು 30ರಿಂದ 35 ಡಿಗ್ರಿ ಬೆಚ್ಚಗಿನ ಜಾಗದಲ್ಲಿಡಿ, ಎಸಿ ಕೋಣೆಯಲ್ಲಿಟ್ಟರೆ ಕೆರೆ ನೀರೂ ತಡವಾಗಿ ಕಪ್ಪಾಗುತ್ತದೆ.

ಬಾಟಲಿ ಕೊಡುವುದು ಸುಳಿವು ಮಾತ್ರ, ತೀರ್ಪು ಅಲ್ಲ. ಸಲ್ಫೈಡ್ ಬಿಡುವ ನಿರಪಾಯ ಜೀವಾಣುಗಳೂ ಇವೆ. ವೇದಿಕೆಯಲ್ಲಿ ಹಾಗೆಯೇ ಹೇಳಿ, ತೀರ್ಪಿಗೆ ಎನ್‌ಎಬಿಎಲ್ ಮಾನ್ಯತೆಯ ಪ್ರಯೋಗಾಲಯದ ವರದಿಯನ್ನು ಕೈಯಲ್ಲಿಟ್ಟುಕೊಳ್ಳಿ. ಕುಡಿಯುವ ನೀರಿನ ಭಾರತೀಯ ಮಾನದಂಡ ಐಎಸ್ 10500 ಪ್ರಕಾರ 100 ಮಿಲಿ ನೀರಿನಲ್ಲಿ ಇ-ಕೋಲಿ ಸಿಗಲೇಬಾರದು.

ಈಗ ಕೆರೆ ನೀರಿನ ಮಾತು. ಊರ ಚರಂಡಿ ಸೇರುವ ನೀರಿನಲ್ಲಿ ಕರಗಿರುವ ಅಮೋನಿಯಾ, ಸೋಪು, ಕೀಟನಾಶಕ ಯಾವುದನ್ನೂ ಯುಎಫ್ ತಡೆಯುವುದಿಲ್ಲ. ಕುಡಿದು ನಿಮಗೆ ಏನೂ ಆಗದಿದ್ದರೂ ವಿಡಿಯೊ ನೋಡಿದ ಯಾರೋ ಮನೆಯಲ್ಲಿ ಹಾಗೇ ಮಾಡುತ್ತಾರೆ. ವೇದಿಕೆಯಲ್ಲಿ ನೀವು ಕುಡಿಯಬೇಕಾದ್ದು ನಲ್ಲಿ ನೀರಿಗೆ ಮಣ್ಣು ಕಲಸಿ ಶೋಧಿಸಿದ್ದನ್ನು. ಮಣ್ಣನ್ನು ಹುರಿಯಲು ಹೇಳಿದ್ದೂ ಅದಕ್ಕೇ. ಸಭಿಕರಿಗೆ, ಅದರಲ್ಲೂ ಮಕ್ಕಳಿಗೆ ಕೊಡಬೇಡಿ.

ಇನ್ನೊಂದು ಆಟ ಇದೆ, ಮನೆಮನೆಗೆ ಬರುವ ಮಾರಾಟಗಾರರದ್ದು: ಎರಡು ಜೊತೆ ಲೋಹದ ಕಡ್ಡಿಗಳಿರುವ ಪ್ಲಗ್ಗನ್ನು ಎರಡು ಲೋಟಗಳಲ್ಲಿ ಅದ್ದುತ್ತಾರೆ, ಒಂದು ಲೋಟದಲ್ಲಿ ಕಂದು ಗಸಿ ಏಳುತ್ತದೆ. ಗಸಿ ಬರುವುದು ನೀರಿನಿಂದಲ್ಲ, ಕರಗುವ ಕಬ್ಬಿಣದ ಕಡ್ಡಿಯಿಂದ. ಲವಣ ಇರುವ ನೀರಿನಲ್ಲಿ ವಿದ್ಯುತ್ ಹರಿಯುತ್ತದೆ, ಆರ್‌ಒ ನೀರಿನಲ್ಲಿ ಹರಿಯುವುದಿಲ್ಲ, ಅಷ್ಟೇ ಗುಟ್ಟು. ನೀತಿಯ ಮಾತು ಬದಿಗಿರಲಿ, ಯುಎಫ್ ಲವಣವನ್ನು ಬಿಟ್ಟುಕೊಡುವುದರಿಂದ ಆ ಕಡ್ಡಿ ಅದ್ದಿದರೆ ನಿಮ್ಮ ಲೋಟವೇ ಮೊದಲು ಕಂದಾಗುತ್ತದೆ.

ಹಿಂದಿನ ದಿನದ ಕೆಲಸ

ಹೊಸ ಕಾರ್ಟ್ರಿಜ್‌ನ ಎಳೆಗಳು ಒಣಗದಂತೆ ಸಾಮಾನ್ಯವಾಗಿ ಗ್ಲಿಸರಿನ್ ಹಚ್ಚಿರುತ್ತಾರೆ. ಹಿಂದಿನ ಸಂಜೆಯೇ 10 ಲೀಟರ್ ಶುದ್ಧ ನೀರು ಹರಿಸಿ ಚೆಲ್ಲಿ, ಆಮೇಲೆ ಒಣಗಲು ಬಿಡಬೇಡಿ. ಎಳೆ ಒಮ್ಮೆ ಒಣಗಿ ಗಾಳಿ ಹಿಡಿದರೆ ಮೇಲೆ ಎಷ್ಟು ನೀರಿದ್ದರೂ ಕೆಳಗೆ ಹನಿ ಬೀಳುವುದಿಲ್ಲ. ಅರ್ಧ ಮೀಟರ್ ಎತ್ತರದ ನೀರಿನ ಒತ್ತಡ ಅಷ್ಟು ಕಡಿಮೆ. ಪ್ರಾತ್ಯಕ್ಷಿಕೆ ಕೈಕೊಡುವುದು ಬಹುಪಾಲು ಈ ಗಾಳಿಯಿಂದಲೇ.

ಎಳೆ ತುಂಡಾಗಿದೆಯೇ ಎಂದೂ ನೋಡಿ. ಒದ್ದೆಯಾದ ಕಾರ್ಟ್ರಿಜ್ಜನ್ನು ಬಕೆಟ್ ನೀರಿನಲ್ಲಿ ಮುಳುಗಿಸಿ, ಕೊಳೆನೀರು ಹೋಗುವ ಬಾಯಿಗೆ ರಬ್ಬರ್ ನಳಿಗೆ ಕಟ್ಟಿ ಸೈಕಲ್ ಪಂಪಿನಿಂದ ಮೆಲ್ಲಗೆ ಗಾಳಿ ಒತ್ತಿ. ಒದ್ದೆ ರಂಧ್ರಗಳಿಂದ ಅಷ್ಟು ಒತ್ತಡಕ್ಕೆ ಗಾಳಿ ಹೊರಡುವುದಿಲ್ಲ. ಮೊದಲು ಒಂದೆರಡು ಗುಳ್ಳೆ ಬಂದು ನಿಂತರೆ ಸರಿ, ಸಾಲುಗಟ್ಟಿ ಬರುತ್ತಲೇ ಇದ್ದರೆ ಎಲ್ಲೋ ಎಳೆ ಕಿತ್ತಿದೆ, ಆ ಕಾರ್ಟ್ರಿಜ್ ಬೇಡ. ಒಂದೇ ಎಳೆ ಕಿತ್ತಿದ್ದರೂ ಮಣ್ಣುನೀರು ನೋಡಲು ತಿಳಿಯಾಗಿಯೇ ಬರಬಹುದು, ಬ್ಯಾಕ್ಟೀರಿಯಾ ಮಾತ್ರ ಸಲೀಸಾಗಿ ದಾಟುತ್ತದೆ.

ಮೂರನೆಯದು ಸಭಾಂಗಣದ ಎಸಿ. 20 ಡಿಗ್ರಿಯ ನೀರು 30 ಡಿಗ್ರಿಯ ನೀರಿಗಿಂತ ದಪ್ಪ, ಫಿಲ್ಟರಿನಲ್ಲಿ ಇಳಿಯುವ ವೇಗ ಸುಮಾರು ಐದನೇ ಒಂದು ಭಾಗ ಕಡಿಮೆಯಾಗುತ್ತದೆ. ನಿಮಿಷಕ್ಕೆ 100 ಮಿಲಿ ಎಂದು ಲೆಕ್ಕ ಹಾಕಿದ್ದು 80 ಆದರೆ ಮೂರನೇ ಲೋಟ ತುಂಬುವುದಿಲ್ಲ. ನೀರಿನ ಬಿಂದಿಗೆಯನ್ನು ಹೊರಗಿಟ್ಟಿರಿ, ಕಾರ್ಯಕ್ರಮಕ್ಕೆ ಹತ್ತು ನಿಮಿಷ ಮುಂಚೆ ಒಳಗೆ ತನ್ನಿ. ಗಡಿಯಾರ ಹಿಡಿದು ಪೂರ್ತಿ ತಾಲೀಮು ಒಮ್ಮೆಯಾದರೂ ಅದೇ ಹಾಲ್‌ನಲ್ಲಿ, ಅದೇ ಮಣ್ಣಿನಲ್ಲಿ ಆಗಬೇಕು.

ವೇದಿಕೆಗೆ ತರುವ ಫಿಲ್ಟರಿನ ಎರಡೂ ಡಬ್ಬಿ ಪಾರದರ್ಶಕವಾಗಿರಲಿ. ಅದರ ಹಿಂದೆ ಬಿಳಿ ಹಲಗೆ, ಹಲಗೆಗೆ ಬೆಳಕು. ಇನ್ನೊಂದು ಸಿದ್ಧ ಫಿಲ್ಟರ್ ಮೇಜಿನ ಮೇಲೆಯೇ ಎದ್ದು ಕಾಣುವಂತೆ ಇರಲಿ. ಕೆಳಗೆ ಬಟ್ಟೆ ಮುಚ್ಚಿಟ್ಟ ಡಬ್ಬಿ ಇದ್ದರೆ ಅದಲುಬದಲು ಮಾಡಿದಿರಿ ಎಂಬ ಮಾತು ಬರುತ್ತದೆ.

ಸ್ಕ್ರಿಪ್ಟ್

ಕೆಳಗಿನದು ಆಡುವ ಮಾತಿನಲ್ಲೇ ಇದೆ. ನಿಮ್ಮ ಬಾಯಿಗೆ ಒಗ್ಗುವಂತೆ ತಿದ್ದಿಕೊಳ್ಳಿ, ಅಂಕಿಗಳನ್ನು ಮಾತ್ರ ವರದಿಯಲ್ಲಿದ್ದಂತೆ ಇಡಿ. ಮೆಂಬ್ರೇನಿನ ರಂಧ್ರ 0.02 ಮೈಕ್ರಾನ್ ಎಂದು ಹಿಡಿದಿದ್ದೇನೆ.

*0 ನಿಮಿಷ. ಬಿಂದಿಗೆ ಹಿಡಿದೇ ಬನ್ನಿ.*

"ಎಲ್ಲರಿಗೂ ನಮಸ್ಕಾರ. ಮಾತಿಗೆ ಮುಂಚೆ ಒಂದು ಕೆಲಸ ಇದೆ. ಇದು ಇದೇ ಊರಿನ ನಲ್ಲಿ ನೀರು. ಇದಕ್ಕೆ ನಾವೇ ಕೆಮ್ಮಣ್ಣು ಕಲಸಿದ್ದೀವಿ. ಮಳೆಗಾಲದಲ್ಲಿ ಬರೋ ಕೆನ್ನೀರಿನ ಹಾಗೆ ಕಾಣಲಿ ಅಂತ. ಈಗ ಸುರೀತೀನಿ. (ಸುರಿಯಿರಿ.) ಇದು ದಡದಡ ಇಳಿಯೋ ಫಿಲ್ಟರ್ ಅಲ್ಲ. ಗಂಟೆಗೆ ಆರು ಲೀಟರ್. ರಾತ್ರಿ ತುಂಬಿಸಿ ಮಲಗಿದರೆ ಬೆಳಗ್ಗೆಗೆ ಸಿದ್ಧ. ಅದು ಇಳೀತಾ ಇರಲಿ, ನಾವು ಮಾತಾಡೋಣ."

ನಿಧಾನ ಎನ್ನುವುದನ್ನು ನೀವೇ ಮೊದಲು ಹೇಳಿದ್ದರಿಂದ ಅದು ಕೊರತೆಯಾಗಿ ಉಳಿಯುವುದಿಲ್ಲ.

*1 ನಿಮಿಷ.* ಇಲ್ಲಿ ಊರಿನ ನೀರಿನ ಸಂಗತಿ. ಹುಬ್ಬಳ್ಳಿ-ಧಾರವಾಡಕ್ಕೆ ಬರುವುದು ಮಲಪ್ರಭೆಯ ನೀರು, ಸವದತ್ತಿಯ ಜಲಾಶಯದಿಂದ. ದಿನಗಟ್ಟಲೆ ನೀರು ಬಾರದೆ ಹಿಡಿದಿಡುವುದು ಇಲ್ಲಿನ ಹಳೆಯ ರೂಢಿ. ಯುಎಫ್‌ಗೆ ಇದಕ್ಕಿಂತ ಹೊಂದುವ ಸನ್ನಿವೇಶವಿಲ್ಲ: ಹೊಳೆ ನೀರು, ಉಪ್ಪು ಕಡಿಮೆ, ತೊಂದರೆ ಇರುವುದು ಕೆಸರು ಮತ್ತು ಶೇಖರಣೆಯಲ್ಲಿ.

"ಕಾರ್ಪೊರೇಷನ್ನಿನವರು ಕ್ಲೋರಿನ್ ಹಾಕೇ ಬಿಡ್ತಾರೆ. ಆದರೆ ನೀವು ಅದನ್ನ ಸಂಪಿನಲ್ಲಿ, ಡ್ರಮ್ಮಿನಲ್ಲಿ ಹಿಡಿದಿಡ್ತೀರಿ. ದಿನ ಕಳೆದ ಹಾಗೆ ಕ್ಲೋರಿನ್ ಹಾರಿಹೋಗುತ್ತೆ, ಚೊಂಬು ಅದ್ದೋ ಕೈ ಮಾತ್ರ ದಿನಾ ಒಳಗೆ ಹೋಗುತ್ತೆ. ನೀರು ಕೆಡೋದು ಅಲ್ಲಿ. ಈ ಫಿಲ್ಟರ್ ಮಾಡಿರೋದು ಆ ನೀರಿಗೆ."

ಪಾಲಿಕೆಯ ನೀರು ಕೆಟ್ಟದ್ದು ಎನ್ನಬೇಡಿ. ಅದು ನಿಮಗೆ ಗೊತ್ತಿಲ್ಲ, ಮರುದಿನದ ಪತ್ರಿಕೆಯಲ್ಲಿ ಅದೇ ಸುದ್ದಿಯಾಗಿ ನಿಮ್ಮ ಫಿಲ್ಟರ್ ಮೂಲೆಗೆ ಹೋಗುತ್ತದೆ.

*3 ನಿಮಿಷ. ಕತ್ತರಿಸಿದ ಕಾರ್ಟ್ರಿಜ್‌ನಿಂದ ಒಂದು ಹಿಡಿ ಎಳೆ ತೆಗೆದು ಕ್ಯಾಮೆರಾಕ್ಕೆ ಹಿಡಿಯಿರಿ.*

"ನೋಡೋಕೆ ಶ್ಯಾವಿಗೆ ಇದ್ದ ಹಾಗಿದೆ. ಆದರೆ ಒಳಗೆ ಟೊಳ್ಳು. ಇದರ ಗೋಡೆಯಲ್ಲಿ ಕಣ್ಣಿಗೆ ಕಾಣದ ರಂಧ್ರಗಳಿವೆ. ಆ ರಂಧ್ರ ಒಂದು ಸಾಸಿವೆ ಕಾಳಿನಷ್ಟಿದೆ ಅಂದ್ಕೊಳ್ಳಿ. ಆಗ ಬ್ಯಾಕ್ಟೀರಿಯಾ ಒಂದು ಸುಲಿದ ತೆಂಗಿನಕಾಯಿಯಷ್ಟಿರುತ್ತೆ. ಸಾಸಿವೆ ತೂರೋ ತೂತಲ್ಲಿ ತೆಂಗಿನಕಾಯಿ ತೂರಲ್ಲ. ಇಲ್ಲಿ ಔಷಧಿ ಇಲ್ಲ, ಕರೆಂಟ್ ಇಲ್ಲ, ತಡೆಯೋದು ಅಷ್ಟೇ."

ಈ ಹೋಲಿಕೆ ಲೆಕ್ಕಕ್ಕೆ ಸರಿಯಾಗಿದೆ. 0.02 ಮೈಕ್ರಾನ್ ರಂಧ್ರ, ಸುಮಾರು 1 ಮೈಕ್ರಾನ್ ಬ್ಯಾಕ್ಟೀರಿಯಾ, ಐವತ್ತು ಪಟ್ಟು. ವೈರಸ್ಸುಗಳಲ್ಲಿ ಚಿಕ್ಕವು ಹೆಚ್ಚುಕಡಿಮೆ ರಂಧ್ರದಷ್ಟೇ ಇರುತ್ತವೆ, ಹಾಗಾಗಿ ವೈರಸ್ ಎಂಬ ಪದ ನಿಮ್ಮ ವರದಿಯಲ್ಲಿ ಪರೀಕ್ಷಿಸಿದ ಅಂಕಿ ಇದ್ದರೆ ಮಾತ್ರ ಬಾಯಿಗೆ ಬರಲಿ. "ನೂರಕ್ಕೆ ನೂರು", "ಎಲ್ಲ ರೋಗಕ್ಕೂ" ಎಂಬ ಮಾತುಗಳೂ ಬೇಡ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಡಿ ದಾರಿ ತಪ್ಪಿಸುವ ಜಾಹೀರಾತಿಗೆ ಮೊದಲ ಸಲಕ್ಕೇ 10 ಲಕ್ಷ ರೂಪಾಯಿವರೆಗೆ ದಂಡ ಹಾಕಬಹುದು. ವೇದಿಕೆಯ ಮಾತು ವಿಡಿಯೊ ಆಗಿ ಹರಿದಾಡುವ ಹೊತ್ತಿಗೆ ಅದೂ ಜಾಹೀರಾತೇ.

*5 ನಿಮಿಷ. ಮೊಹರು ಮಾಡಿದ ಪೆಟ್ಟಿಗೆ. ಸಹಿ ಹಾಕಿದವರನ್ನೇ ವೇದಿಕೆಗೆ ಕರೆದು ಅವರಿಂದಲೇ ತೆರೆಸಿ.*

"ಅಕ್ಕ, ಮೊನ್ನೆ ಹಾಕಿದ ಸಹಿ ನಿಮ್ಮದೇನಾ ನೋಡಿ. (ಅವರು ಮೈಕಿನಲ್ಲಿ ಹೇಳಲಿ.) ಒಂದರಲ್ಲಿ ಕೆರೆ ನೀರು, ಒಂದರಲ್ಲಿ ಅದೇ ನೀರು ಈ ಫಿಲ್ಟರಿನಿಂದ ಇಳಿದದ್ದು, ಇನ್ನೊಂದರಲ್ಲಿ ಕುದಿಸಿದ ನೀರು. ಕೆರೆ ನೀರು ಕಪ್ಪಾಗಿದೆ. ಉಳಿದೆರಡು ಇಲ್ಲ. ಇದು ಸೂಚನೆ ಮಾತ್ರ, ಪೂರ್ತಿ ಪರೀಕ್ಷೆ ಪ್ರಯೋಗಾಲಯದ್ದು, ಅದರ ಪ್ರತಿ ನಿಮ್ಮ ಕುರ್ಚಿ ಮೇಲಿದೆ. ಹಾಗಂತ ಕೆರೆ ನೀರನ್ನ ಶೋಧಿಸಿ ಕುಡೀರಿ ಅಂತ ನಾನು ಹೇಳ್ತಾ ಇಲ್ಲ."

ಬಾಟಲಿಯ ಮುಚ್ಚಳ ಯಾರೂ ತೆರೆಯಬಾರದು. ಕಪ್ಪಾದ ಬಾಟಲಿಯಲ್ಲಿ ಬ್ಯಾಕ್ಟೀರಿಯಾ ಕೋಟಿಗಟ್ಟಲೆ ಬೆಳೆದಿರುತ್ತದೆ. ಕಾರ್ಯಕ್ರಮ ಮುಗಿದ ಮೇಲೆ ಬ್ಲೀಚಿಂಗ್ ಪೌಡರ್ ದ್ರಾವಣ ಸುರಿದು ಗಂಟೆ ಬಿಟ್ಟು ಎಸೆಯಿರಿ.

*7 ನಿಮಿಷ. ನಲ್ಲಿಯ ಹತ್ತಿರ ಮೈಕ್ ಹಿಡಿದು ಲೋಟ ತುಂಬಿಸಿ.* ನೀರು ಬೀಳುವ ಸದ್ದು ಹಾಲ್ ತುಂಬ ಕೇಳಲಿ, ಆ ಹೊತ್ತಿನಲ್ಲಿ ಮಾತು ಬೇಡ. ಕೆಳಗಿನ ಡಬ್ಬಿಯಲ್ಲಿ ನೀರು ಕೂಡಿರುವುದರಿಂದ ಲೋಟ ಕೆಲವೇ ಸೆಕೆಂಡಿಗೆ ತುಂಬುತ್ತದೆ.

ಈಗ ದೀಪ ಆರಿಸಿ. ಹಸಿರು ಲೇಸರ್ ಪಾಯಿಂಟರನ್ನು ಮಣ್ಣುನೀರಿನ ಲೋಟಕ್ಕೆ ಅಡ್ಡಲಾಗಿ ಬಿಡಿ, ಒಳಗೆ ಹಸಿರು ಕಡ್ಡಿ ಇಟ್ಟಂತೆ ಕಿರಣ ಕಾಣುತ್ತದೆ. ಶೋಧಿಸಿದ ಲೋಟದಲ್ಲಿ ಕಿರಣ ಬಹುಮಟ್ಟಿಗೆ ಕಾಣದಂತಾಗುತ್ತದೆ, ಬೆಳಕನ್ನು ಚೆದುರಿಸುವ ಕಣಗಳು ಉಳಿದಿಲ್ಲವಲ್ಲ. ಬಿಸಿಲು ಬಿದ್ದ ಕೋಣೆಯಲ್ಲಿ ಧೂಳು ಕಾಣುವುದೂ ಇದೇ ಕಾರಣಕ್ಕೆ. ಲೋಟದಾಚೆಗೆ ಕಪ್ಪು ರಟ್ಟು ಇಡಿ, ಕಿರಣ ಸಭೆಯ ಕಡೆ ಹೋಗಕೂಡದು. ಲೋಟದ ಹೊರಮೈ ಒರೆಸಿರಬೇಕು, ಬೆರಳಚ್ಚು ಬಿದ್ದಲ್ಲಿ ಬೆಳಕು ಮಿನುಗಿ ಆಟ ಕೆಡುತ್ತದೆ.

"ಮೊದಲನೇದರಲ್ಲಿ ಬೆಳಕು ಮಣ್ಣಿಗೆ ತಾಗಿ ಚೆದುರಿತು. ಇದರಲ್ಲಿ ತಾಗೋಕೆ ಏನೂ ಇಲ್ಲ. (ದೀಪ. ನೀವು ಕುಡಿಯಿರಿ.) ಹಾಗಾದರೆ ಆ ಮಣ್ಣು ಎಲ್ಲಿ ಹೋಯ್ತು? ತೋರಿಸ್ತೀನಿ."

ಇಲ್ಲಿ ಫಿಲ್ಟರಿನ ಎಳೆಗಳನ್ನು ತೊಳೆಯುವ ಪಿಚಕಾರಿ ಒತ್ತಿ, ಕೆಳಗೆ ಗಾಜಿನ ಲೋಟ ಹಿಡಿಯಿರಿ. ಕೆಂಪು ನೀರು ರಭಸದಿಂದ ಬಂದು ಬೀಳುತ್ತದೆ. ಇಡೀ ಹನ್ನೆರಡು ನಿಮಿಷದಲ್ಲಿ ಫೋಟೊಗ್ರಾಫರ್‌ಗಳು ಮುಂದೆ ಓಡಿಬರುವುದು ಈ ಗಳಿಗೆಗೇ, ಆತುರಪಡಬೇಡಿ. ದಿನಾ ಒಂದು ಸಲ ಹೀಗೆ ತೊಳೆಯಬೇಕು ಎನ್ನುವುದನ್ನೂ ಆಗಲೇ ಹೇಳಿ. ತೊಳೆಯದೆ ಬಿಟ್ಟವರೇ ಎರಡು ತಿಂಗಳಿಗೆ "ನೀರು ಇಳೀತಿಲ್ಲ" ಎಂದು ಡೀಲರ್ ಬಾಗಿಲಿಗೆ ಬರುವವರು.

*9 ನಿಮಿಷ. ಟಿಡಿಎಸ್ ಮೀಟರ್ ನೀವೇ ಜೇಬಿನಿಂದ ತೆಗೆಯಿರಿ.* ನೀವು ತೆಗೆಯದಿದ್ದರೆ ಸಭೆಯಲ್ಲಿ ಬೇರೆ ಯಾರೋ ತೆಗೆಯುತ್ತಾರೆ.

"ಇದು ನೀರಲ್ಲಿ ಕರಗಿರೋ ಲವಣದ ಅಂದಾಜು ಕೊಡುತ್ತೆ. ಶೋಧಿಸೋ ಮುಂಚೆ ಎಷ್ಟು? ಓದಿ ಹೇಳಿ. ಶೋಧಿಸಿದ ಮೇಲೆ? ಹೆಚ್ಚುಕಡಿಮೆ ಅಷ್ಟೇ. ಸಾಸಿವೆ ತೂರೋ ತೂತಲ್ಲಿ ಹಿಟ್ಟಿನ ಧೂಳು ನಿಲ್ಲುತ್ತಾ? ಉಪ್ಪು, ಫ್ಲೋರೈಡ್, ನೈಟ್ರೇಟ್ ಇದರಲ್ಲಿ ನಿಲ್ಲಲ್ಲ. ನಿಮ್ಮದು ಫ್ಲೋರೈಡ್ ಇರೋ ಬೋರ್‌ವೆಲ್ ನೀರಾದರೆ ಇದನ್ನ ಕೊಳ್ಳಬೇಡಿ. ಮೊದಲು ನೀರು ಪರೀಕ್ಷೆ ಮಾಡಿಸಿ."

ಬೆಲೆಗೆ ಮುಂಚೆ ಇದನ್ನು ಹೇಳಲು ಎದೆಗಾರಿಕೆ ಬೇಕು, ಡೀಲರ್‌ಗಳ ಮುಖ ಚಿಕ್ಕದಾಗುತ್ತದೆ. ಆದರೆ ಬೆಲೆ ಹೇಳಿದ ಮೇಲೆ ಬಂದರೆ ಅದೇ ಮಾತು ತಪ್ಪೊಪ್ಪಿಗೆಯಾಗಿ ಕೇಳಿಸುತ್ತದೆ. ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಹೆಚ್ಚಿರುವ ಪಾವಗಡದಂಥ ಕಡೆ ಮಾರಲು ಹೊರಡುವ ಡೀಲರ್ ಈಗಲೇ ತಿಳಿದುಕೊಳ್ಳುವುದು ಅವರಿಗೂ ಉಳಿತಾಯ. ಐಎಸ್ 10500 ಫ್ಲೋರೈಡಿಗೆ ಇಟ್ಟಿರುವ ಮಿತಿ ಲೀಟರಿಗೆ 1 ಮಿಲಿಗ್ರಾಂ, ಬೇರೆ ನೀರಿನ ಮೂಲವೇ ಇಲ್ಲದಿದ್ದರೆ 1.5.

ಬೆಲೆ

*10 ನಿಮಿಷ.* ಬೆಲೆಯನ್ನು ಯಾವುದರ ಪಕ್ಕದಲ್ಲಿ ಇಡುತ್ತೀರಿ ಎನ್ನುವುದು ಮುಖ್ಯ. ಅಂಗಡಿಯ ಬಾಟಲಿ ನೀರಿನ ಪಕ್ಕ ಇಡಬೇಡಿ. ಸ್ವಸಹಾಯ ಸಂಘದ ಹೆಣ್ಣುಮಕ್ಕಳಲ್ಲಿ ಎಷ್ಟೋ ಜನ ಊರಿನ ಶುದ್ಧ ಕುಡಿಯುವ ನೀರಿನ ಘಟಕದಲ್ಲಿ 5 ರೂಪಾಯಿ ನಾಣ್ಯ ಹಾಕಿ 20 ಲೀಟರ್ ಕ್ಯಾನ್ ತುಂಬಿಸುವವರು. ಅವರ ಲೆಕ್ಕದಲ್ಲಿ ಲೀಟರಿಗೆ 25 ಪೈಸೆ. ಬಾಟಲಿಯ ಹೋಲಿಕೆ ಅವರಿಗೆ ನಗು ತರಿಸುತ್ತದೆ. ಅಡುಗೆಮನೆಯಲ್ಲಿ ನೀರು ಕುದಿಸುವುದರ ಪಕ್ಕ ಇಡಿ, ಅದು ಎಲ್ಲರಿಗೂ ಗೊತ್ತಿರುವ ಖರ್ಚು.

ಲೆಕ್ಕ ಹೀಗಿದೆ. 10 ಲೀಟರ್ ನೀರನ್ನು 25 ಡಿಗ್ರಿಯಿಂದ 100ಕ್ಕೆ ತರಲು, ಒಲೆಯ ಶಾಖದಲ್ಲಿ ನೂರಕ್ಕೆ ಅರವತ್ತು ಪಾಲು ಪಾತ್ರೆಗೆ ಹೋಗುತ್ತದೆ ಎಂದು ಹಿಡಿದರೆ, ಸುಮಾರು 115 ಗ್ರಾಂ ಅನಿಲ ಬೇಕು. 14.2 ಕೆ.ಜಿ. ಸಿಲಿಂಡರ್ ಬರೀ ಇದಕ್ಕೇ ಉರಿಸಿದರೆ ಸುಮಾರು 123 ದಿನ ಬರುತ್ತದೆ. ಸಿಲಿಂಡರಿಗೆ 900 ರೂಪಾಯಿ ಎಂದುಕೊಂಡರೆ ದಿನಕ್ಕೆ 7 ರೂಪಾಯಿ ಚಿಲ್ಲರೆ. ಆ ದಿನದ ಸಿಲಿಂಡರ್ ದರ ನೋಡಿ ಅಂಕಿ ಬದಲಿಸಿಕೊಳ್ಳಿ.

"ಮನೆಯಲ್ಲಿ ದಿನಾ ಹತ್ತು ಲೀಟರ್ ಕುದಿಸ್ತೀರಿ ಅಂದ್ಕೊಳ್ಳಿ. ದಿನಕ್ಕೆ ಏಳು ರೂಪಾಯಿ ಗ್ಯಾಸ್. ಐದೇ ಲೀಟರ್ ಕುದಿಸಿದರೆ ಅದರ ಅರ್ಧ. ಈಗ ಇದರ ಬೆಲೆ. (ಬೆಲೆಯ ಬೋರ್ಡಿಗೆ ಮುಚ್ಚಿದ ಬಟ್ಟೆ ಸರಿಸಿ. ಐದು ಸೆಕೆಂಡ್ ಸುಮ್ಮನಿರಿ.) ಒಂದು ಸಾವಿರದ ನಾನೂರ ತೊಂಬತ್ತೊಂಬತ್ತು. ತೆರಿಗೆ ಸೇರಿ. ಇದರ ಜೊತೆಗೆ ಇನ್ನೊಂದು ಬೆಲೆನೂ ಹೇಳ್ತೀನಿ: ಕಾರ್ಟ್ರಿಜ್ ಮುನ್ನೂರ ತೊಂಬತ್ತೊಂಬತ್ತು. ನಾಲ್ಕು ಸಾವಿರ ಲೀಟರ್. ದಿನಾ ಹತ್ತು ಲೀಟರ್ ಅಂದರೆ ಹದಿಮೂರು ತಿಂಗಳು. ಎರಡು ವರ್ಷಕ್ಕೆ ಎರಡೂ ಸೇರಿ ಒಂದು ಸಾವಿರದ ಎಂಟುನೂರ ತೊಂಬತ್ತೆಂಟು. ನೀರು ತುಂಬಾ ಕೆಸರಾಗಿದ್ದರೆ ಕಾರ್ಟ್ರಿಜ್ ಅಷ್ಟು ದಿನ ಬರಲ್ಲ, ಬಟ್ಟೆಯಲ್ಲಿ ಸೋಸಿ ಹಾಕಿ."

ಬೋರ್ಡಿನ ಮೇಲೆ ಎರಡು ಬೆಲೆಯೂ ಒಂದೇ ಗಾತ್ರದ ಅಕ್ಷರದಲ್ಲಿ ಇರಲಿ. 2009ರ ಡಿಸೆಂಬರ್‌ನಲ್ಲಿ ಟಾಟಾ ಸ್ವಚ್ಛ್ ಬಂದಾಗ 749 ಮತ್ತು 999 ರೂಪಾಯಿಯ ಬೆಲೆಯ ಜೊತೆಗೇ 299ರ ಕಾರ್ಟ್ರಿಜ್, 3,000 ಲೀಟರ್ ಎಂದೂ ಹೇಳಲಾಗಿತ್ತು. ಆ ಲೆಕ್ಕವೂ ಲೀಟರಿಗೆ 10 ಪೈಸೆಯೇ ಆಗುತ್ತದೆ, ನಿಮ್ಮದೂ ಅಷ್ಟೇ. ಕಡಿಮೆ ಬೆಲೆಯ ಫಿಲ್ಟರ್ ಕೊಂಡವರು ಮೋಸಹೋದೆವು ಎನ್ನುವುದು ಮೊದಲ ಕಾರ್ಟ್ರಿಜ್ ಮುಗಿದ ದಿನ.

"ಕೇವಲ" ಎಂಬ ಪದ ಬಿಡಿ, ಕಡಿಮೆಯೋ ಅಲ್ಲವೋ ಅವರು ನಿರ್ಧರಿಸಲಿ. ವೇದಿಕೆಯಲ್ಲಿ ಹೇಳಿದ ಅಂಕಿ, ಪೆಟ್ಟಿಗೆ ಮೇಲೆ ಮುದ್ರಿಸಿದ ಎಂಆರ್‌ಪಿ, ಡೀಲರ್ ಬಿಲ್ಲು ಮೂರೂ ಹೊಂದಬೇಕು. ಎಂಆರ್‌ಪಿ ಅಂದರೆ ಎಲ್ಲ ತೆರಿಗೆ ಸೇರಿದ್ದು, "ಜಿಎಸ್‌ಟಿ ಬೇರೆ" ಎನ್ನುವಂತಿಲ್ಲ. ಮೊದಲ 500 ಜನಕ್ಕೆ ರಿಯಾಯಿತಿ ಕೊಡುವುದಾದರೆ ಎಂಆರ್‌ಪಿ ಹೇಳಿ ಮುಗಿಸಿದ ಮೇಲೆ ಬೇರೆ ವಾಕ್ಯದಲ್ಲಿ, ಕೊನೆಯ ದಿನಾಂಕದ ಜೊತೆ ಹೇಳಿ. ಇಲ್ಲದಿದ್ದರೆ ಪತ್ರಿಕೆಯಲ್ಲಿ ರಿಯಾಯಿತಿ ದರವೇ ಬೆಲೆ ಎಂದು ಬರುತ್ತದೆ, ಆರು ತಿಂಗಳು ಡೀಲರ್‌ಗಳು ಅದಕ್ಕೆ ಉತ್ತರ ಕೊಡಬೇಕು.

ಬೆಲೆ ಮುಂಚೆಯೇ ಹೊರಬೀಳುವುದು ಹೆಚ್ಚಾಗಿ ಪೆಟ್ಟಿಗೆಯಿಂದ. ವೇದಿಕೆ ಹಿಂದೆ ಅಟ್ಟಿಯಿಟ್ಟ ಪೆಟ್ಟಿಗೆಗಳ ಚೀಟಿ ಹೊರಮುಖವಾಗಿರುತ್ತದೆ, ಚಹಾ ತರುವ ಹುಡುಗನಿಂದ ಹಿಡಿದು ಎಲ್ಲರೂ ಓದಿರುತ್ತಾರೆ. ಆನ್‌ಲೈನ್ ಅಂಗಡಿಯ ಪುಟವನ್ನು ಹಿಂದಿನ ರಾತ್ರಿ ಪರೀಕ್ಷೆಗೆಂದು ತೆರೆದು ಮುಚ್ಚಲು ಮರೆಯುವುದೂ ಇದೆ. ಡೀಲರ್‌ಗಳಿಗೆ ಮಾತ್ರ ಬೆಲೆಯನ್ನು, ಅವರ ಪಾಲನ್ನು ಒಂದು ದಿನ ಮುಂಚೆ ಹೇಳಿಬಿಡಿ. ಎಲ್ಲರೊಂದಿಗೆ ಅವರಿಗೂ ಅಚ್ಚರಿ ಮಾಡಲು ಹೋದರೆ, ಚಪ್ಪಾಳೆಯ ನಡುವೆ ಅವರು ಲಾಭದ ಲೆಕ್ಕ ಹಾಕುತ್ತಾ ಕೂತಿರುವುದು ಕ್ಯಾಮೆರಾದಲ್ಲಿ ಕಾಣುತ್ತದೆ.

*11 ನಿಮಿಷ 30 ಸೆಕೆಂಡ್.* ಉಳಿದದ್ದು ಎರಡು ವಾಕ್ಯ: ಎಲ್ಲಿ ಸಿಗುತ್ತದೆ, ಕೆಟ್ಟರೆ ಯಾರಿಗೆ ಫೋನ್ ಮಾಡಬೇಕು. ಆಮೇಲೆ ಪ್ರಶ್ನೆಗಳು. ಆ ಹೊತ್ತಿನಲ್ಲೂ ಫಿಲ್ಟರ್ ನೀರಿಳಿಸುತ್ತಲೇ ಇರಲಿ. ಮೇಲಿನ ಡಬ್ಬಿ ಬರಿದಾಗುತ್ತ ಬಂದಂತೆ ಧಾರೆ ಸಣ್ಣಗಾಗುತ್ತದೆ, ಹತ್ತಿರ ಬಂದು ನೋಡುವವರು ಕೆಟ್ಟಿತು ಎಂದುಕೊಳ್ಳುತ್ತಾರೆ. ಒಬ್ಬರನ್ನು ಬಿಂದಿಗೆ ಹಿಡಿದು ಅಲ್ಲೇ ನಿಲ್ಲಿಸಿ, ಮಟ್ಟ ಅರ್ಧಕ್ಕೆ ಇಳಿದಾಗಲೆಲ್ಲ ತುಂಬಿಸಲಿ.